ತೆರಿಗೆ ಬಾಕಿ: ಕಟ್ಟುವ ಮುನ್ನ

ಆದಾಯ ತೆರಿಗೆ ಇಲಾಖೆಯ 143(1) ಸೂಚನಾಪತ್ರದಲ್ಲಿ ಬಾಕಿ ಕಂಡರೆ ಗಾಬರಿಯಿಂದ ಹಣ ಕಟ್ಟಬೇಡಿ. ಅದರಲ್ಲಿ ಎರಡು ಕಾಲಂಗಳಿರುತ್ತವೆ: ನೀವು ತೋರಿಸಿದ್ದು, ಇಲಾಖೆ ಲೆಕ್ಕ ಹಾಕಿದ್ದು. ಅಂಕಿ ಬೇರೆಯಾದ ಸಾಲನ್ನು ಹುಡುಕಿ.

ಉದಾಹರಣೆಗೆ, ನೀವು ಟಿಡಿಎಸ್ 48,000 ರೂಪಾಯಿ ಎಂದಿದ್ದೀರಿ, ಇಲಾಖೆ 36,000 ಮಾತ್ರ ಒಪ್ಪಿದೆ. ಫಾರ್ಮ್ 26ಎಎಸ್ ನೋಡಿ. ಕೊನೆಯ ತ್ರೈಮಾಸಿಕದ 12,000 ಅಲ್ಲಿಲ್ಲದಿದ್ದರೆ, ಸಂಬಳದಿಂದ ಮುರಿದುಕೊಂಡ ಸಂಸ್ಥೆ ಅದರ ವಿವರ ಸಲ್ಲಿಸಿಲ್ಲದಿರಬಹುದು. ಸಂಸ್ಥೆಯಿಂದ ಅದನ್ನು ಸರಿಪಡಿಸಿಸಿ, ಬಳಿಕ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ತಿದ್ದುಪಡಿ ಕೋರಿ. ಅಲ್ಲಿಯವರೆಗೆ ಸುಮ್ಮನಿರದೆ ಬಾಕಿಗೆ ಅಸಮ್ಮತಿ ದಾಖಲಿಸಿ. ಮುರಿದುಕೊಂಡ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳುವಂತಿಲ್ಲ ಎನ್ನುತ್ತದೆ 205ನೇ ಕಲಂ. ಸಂಬಳ ಚೀಟಿಗಳೇ ನಿಮ್ಮ ಸಾಕ್ಷಿ.

ಬಿಟ್ಟುಹೋದ ಬ್ಯಾಂಕ್ ಬಡ್ಡಿಯಂಥ ತಪ್ಪು ನಿಮ್ಮದೇ ಆಗಿದ್ದರೆ 30 ದಿನದೊಳಗೆ ಕಟ್ಟಿಬಿಡಿ. ತಡವಾದರೆ ತಿಂಗಳಿಗೆ ಶೇ. 1ರಷ್ಟು ಬಡ್ಡಿ ಬೀಳುತ್ತದೆ.