ಕಿಮೋ ನಂತರದ ಎರಡನೇ ವಾರ

ಸ್ತನ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ಕಿಮೋ ಹಾಕಿಸಿಕೊಂಡು ಹಾಸನದ ಕಡೆಯ ಹಳ್ಳಿಗೆ ಮರಳಿದ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್ ಎಂಬ ಎರಡು ಔಷಧ, 21 ದಿನಕ್ಕೊಮ್ಮೆ. ಡಾಕ್ಸೊರುಬಿಸಿನ್‌ನ ಬಣ್ಣವೇ ಕೆಂಪು. ಒಂದೆರಡು ದಿನ ಮೂತ್ರವೂ ಕೆಂಪಾಗಬಹುದು, ಅದು ರಕ್ತವಲ್ಲ.

ಮನೆಯವರು ಮೊದಲು ಹೆದರುವುದು ವಾಂತಿಗೆ. ಈ ಜೋಡಿ ಔಷಧಕ್ಕೆ ವಾಕರಿಕೆ ಜಾಸ್ತಿಯೇ, ಅದೂ ಎರಡನೇ ದಿನದಿಂದ ಐದನೇ ದಿನದವರೆಗೆ ಕಾಡುತ್ತದೆ. ಹಾಗಾಗಿ ವಾಂತಿ ಬರಲಿ ಬಿಡಲಿ, ಬರೆದುಕೊಟ್ಟ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು. ಬಂದ ಮೇಲೆ ನುಂಗಿದರೆ ಮಾತ್ರೆಯೂ ಹೊರಬರುತ್ತದೆ. ರಾತ್ರಿಗೆ ಕೊಡುವ ಒಲಾಂಜಪಿನ್ ಮಾನಸಿಕ ಕಾಯಿಲೆಗೂ ಬಳಸುವ ಮಾತ್ರೆ ಎಂದು ತಿಳಿದು ಕೆಲವರು ಗಾಬರಿಯಿಂದ ನಿಲ್ಲಿಸುತ್ತಾರೆ. ವಾಕರಿಕೆ ತಡೆಯುವುದರಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಜೊತೆಗೆ ನಿದ್ದೆ ಮಂಪರು ಬರುತ್ತದೆ, ಅಷ್ಟೇ. ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುವುದರಿಂದ ಆ ದಿನಗಳಲ್ಲಿ ಅಡುಗೆ ಬೇರೆಯವರು ಮಾಡಲಿ. ಆರಿದ ಗಂಜಿ, ಇಡ್ಲಿ ಸ್ವಲ್ಪ ಸ್ವಲ್ಪವೇ ಒಳಹೋಗಲಿ. ಕುಡಿದ ನೀರೂ ನಿಲ್ಲದಿದ್ದರೆ ಮಾತ್ರ ಆಸ್ಪತ್ರೆಗೆ ಕರೆ ಮಾಡಬೇಕು.

ವಾಂತಿ ನಿಂತು, ಮುಖದಲ್ಲಿ ಗೆಲುವು ಕಂಡಾಗ ನಿಜವಾದ ಅಪಾಯ ಶುರುವಾಗುತ್ತದೆ.

ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳ ಮೇಲೆ ಕಿಮೋ ಎರಗುತ್ತದೆ. ಮೂಳೆಯೊಳಗಿನ ಮಜ್ಜೆ ಅಂಥದ್ದು. ರಕ್ತದಲ್ಲಿದ್ದ ಹಳೆಯ ಬಿಳಿ ಕಣಗಳು ಮುಗಿದು, ಹೊಸವು ಇನ್ನೂ ಬರದ ಅವಧಿ ಸುಮಾರು 7ನೇ ದಿನದಿಂದ 14ನೇ ದಿನ. ವರದಿಯಲ್ಲಿ ಒಟ್ಟು ಬಿಳಿ ಕಣ 1,800 ಎಂದಿದೆ, ಅದರಲ್ಲಿ ನ್ಯೂಟ್ರೊಫಿಲ್ ಶೇ. 20 ಎಂದಿದೆ ಎನ್ನಿ: ಸೋಂಕಿನೊಡನೆ ಹೋರಾಡಲು ಇರುವುದು 360 ಮಾತ್ರ. 500ಕ್ಕಿಂತ ಕೆಳಗಿಳಿದರೆ ತೀವ್ರ ಕೊರತೆ.

ಹತ್ತನೇ ದಿನ ರಾತ್ರಿ ಹನ್ನೊಂದಕ್ಕೆ ಆಕೆಗೆ ಮೈ ಬಿಸಿಯಾಗುತ್ತದೆ. ಥರ್ಮಾಮೀಟರ್ 101 ತೋರಿಸುತ್ತದೆ. ಕೆಮ್ಮಿಲ್ಲ, ಗಾಯವಿಲ್ಲ. ಕೀವು ಕಟ್ಟುವುದಕ್ಕೂ ಬಿಳಿ ಕಣಗಳೇ ಬೇಕಾದ್ದರಿಂದ ಸೋಂಕು ಬೇರೆ ಗುರುತು ತೋರಿಸದೆ ಇರಬಹುದು, ಜ್ವರವೊಂದೇ ಸುಳಿವು. ಪ್ಯಾರಸಿಟಮಾಲ್ ನುಂಗಿ ಮಲಗಿದರೆ ಆ ಸುಳಿವೂ ಅಳಿಸಿಹೋಗುತ್ತದೆ. ಒಮ್ಮೆ 101, ಅಥವಾ ಒಂದು ಗಂಟೆ ಕಾಲ 100.4 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಬೆಳಗಾಗುವುದನ್ನು ಕಾಯದೆ ಹೊರಡಬೇಕು. 100.4 ಕಂಡ ಕೂಡಲೇ ಬನ್ನಿ ಎನ್ನುವ ಆಸ್ಪತ್ರೆಗಳೂ ಇವೆ. ನಿಮ್ಮ ವೈದ್ಯರ ಮಾತೇ ಅಂತಿಮ. ಮೈ ಗಡಗಡ ನಡುಗಿದರೆ, ಮಂಕು ಕವಿದರೆ, ಉಸಿರಾಡಲು ಕಷ್ಟವಾದರೆ ಜ್ವರ ಇಲ್ಲದಿದ್ದರೂ ಹೊರಡಬೇಕು.

ಬೆಂಗಳೂರು ದೂರ. ಆದ್ದರಿಂದ ರಾತ್ರಿಯಲ್ಲೂ ರಕ್ತಪರೀಕ್ಷೆ ಮಾಡಿ, ನರಕ್ಕೆ ಆ್ಯಂಟಿಬಯೋಟಿಕ್ ಕೊಡುವ ಹತ್ತಿರದ ಆಸ್ಪತ್ರೆ ಯಾವುದೆಂದು ಕಿಮೋಗೆ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಡಿಜಿಟಲ್ ಥರ್ಮಾಮೀಟರ್, ಕರೆದರೆ ಬರುವ ಕಾರಿನವರ ನಂಬರ್, ಔಷಧದ ಹೆಸರೂ ತಾರೀಕೂ ಇರುವ ಫೈಲ್ ಕೈಗೆಟುಕುವಲ್ಲಿ ಇರಲಿ. ಕ್ಯಾಜುವಾಲ್ಟಿಯಲ್ಲಿ ಮೊದಲ ಮಾತು ಹೀಗಿರಲಿ: “ಕಿಮೋ ಆಗಿ ಹತ್ತು ದಿನ ಆಗಿದೆ ಸರ್, ಜ್ವರ 101 ಇದೆ.” ಅಷ್ಟು ಕೇಳಿದರೆ ಸಾಲಿನಲ್ಲಿ ಕಾಯಿಸುವುದಿಲ್ಲ, ತಲುಪಿದ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕೆಂಬುದು ವೈದ್ಯರ ಗುರಿ.

ಇಂಥ ಜ್ವರ ಒಮ್ಮೆ ಬಂದುಹೋದರೆ ಅದನ್ನು ಮುಂದಿನ ಕಿಮೋಗೆ ಮುನ್ನ ತಪ್ಪದೆ ಹೇಳಬೇಕು. ಆಗ ವೈದ್ಯರು ಪ್ರಮಾಣ ತಗ್ಗಿಸಬಹುದು, ಇಲ್ಲವೇ ಕಿಮೋ ಮುಗಿದು 24 ಗಂಟೆ ಕಳೆದ ಮೇಲೆ ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಕೊಡಬಹುದು.