ಒಂದು ಕೂಡುವ ಆದೇಶಕ್ಕೆ ಆರು ಪಲ್ಸ್

ಪ್ರೊಸೆಸರ್ ಪ್ರತಿಯೊಂದು ಆದೇಶವನ್ನೂ ಮೂರು ಹಂತಗಳಲ್ಲಿ ಮುಗಿಸುತ್ತದೆ. ಮೊದಲು ಅದನ್ನು ಮೆಮೊರಿಯಿಂದ ತರುತ್ತದೆ, ಆಮೇಲೆ ಅದರ ಅರ್ಥ ಬಿಡಿಸಿಕೊಳ್ಳುತ್ತದೆ, ಕೊನೆಗೆ ಹೇಳಿದ ಕೆಲಸ ಮಾಡುತ್ತದೆ. ಫೆಚ್, ಡಿಕೋಡ್, ಎಕ್ಸಿಕ್ಯೂಟ್ ಎಂದು ಕಂಪ್ಯೂಟರ್ ಓದಿದವರೆಲ್ಲ ಬಾಯಿಪಾಠ ಒಪ್ಪಿಸುವ ಹಂತಗಳು ಇವೇ. ಆದರೆ ಯಂತ್ರದ ಒಳಗೆ ‘ತರುವುದು’ ಎಂಬ ಒಂದೇ ಕೆಲಸ ಇರುವುದಿಲ್ಲ. ಒಂದು ರಿಜಿಸ್ಟರಿನಲ್ಲಿದ್ದ ಸಂಖ್ಯೆ ಇನ್ನೊಂದಕ್ಕೆ ನಕಲಾಗುತ್ತದೆ, ಮುಂದಿನ ಕ್ಲಾಕ್ ಪಲ್ಸಿಗೆ ಮತ್ತೊಂದು ನಕಲಾಗುತ್ತದೆ, ಅಷ್ಟೆ. ಆ ನಕಲುಗಳನ್ನು ಒಂದೊಂದಾಗಿ ಬರೆದಿಡುವ ರೀತಿಗೆ ರಿಜಿಸ್ಟರ್ ಟ್ರಾನ್ಸ್‌ಫರ್ ಬರವಣಿಗೆ ಎನ್ನುತ್ತಾರೆ.

ಇದನ್ನು ನೋಡಲು ಒಂದು ಸಣ್ಣ ಯಂತ್ರ ಸಾಕು. ಮೋರಿಸ್ ಮಾನೊ ಅವರ ‘ಕಂಪ್ಯೂಟರ್ ಸಿಸ್ಟಂ ಆರ್ಕಿಟೆಕ್ಚರ್’ ಪುಸ್ತಕದಲ್ಲಿ ಪಾಠಕ್ಕೆಂದೇ ಕಟ್ಟಿದ ‘ಬೇಸಿಕ್ ಕಂಪ್ಯೂಟರ್’ ಒಂದಿದೆ. ಅದರ ಮೆಮೊರಿಯಲ್ಲಿ 4096 ಜಾಗಗಳು, ಪ್ರತಿ ಜಾಗದಲ್ಲಿ 16 ಬಿಟ್. ಮುಂದಿನ ಆದೇಶ ಎಲ್ಲಿದೆ ಎಂಬ ವಿಳಾಸವನ್ನು ಪ್ರೋಗ್ರಾಂ ಕೌಂಟರ್, ಅಂದರೆ ಪಿಸಿ, ಇಟ್ಟುಕೊಂಡಿರುತ್ತದೆ. ಮೆಮೊರಿಯ ಯಾವ ಜಾಗವನ್ನು ಈಗ ತೆರೆಯಬೇಕು ಎಂಬುದನ್ನು ವಿಳಾಸದ ರಿಜಿಸ್ಟರ್, ಅಂದರೆ ಎಆರ್, ಹೇಳುತ್ತದೆ. ಇವೆರಡಕ್ಕೂ 12 ಬಿಟ್ ಅಗಲ ಸಾಕು, ಏಕೆಂದರೆ 12 ಬಿಟ್‌ಗಳಲ್ಲಿ 4096 ವಿಳಾಸಗಳನ್ನು ಬರೆಯಬಹುದು. ತಂದ ಆದೇಶ ಕೂರುವ ಇನ್‌ಸ್ಟ್ರಕ್ಷನ್ ರಿಜಿಸ್ಟರಿಗೆ, ಅಂದರೆ ಐಆರ್‌ಗೆ, ಪೂರ್ತಿ 16 ಬಿಟ್ ಬೇಕು. ಲೆಕ್ಕ ನಡೆಯುವ ಎಸಿ, ಮೆಮೊರಿಯಿಂದ ಬಂದ ದತ್ತವನ್ನು ಹಿಡಿಯುವ ಡಿಆರ್ ಕೂಡ 16 ಬಿಟ್‌ನವು.

ಈ ಯಂತ್ರದ ತಂತಿಗಳ ಬಗ್ಗೆ ಎರಡು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೆಮೊರಿಯ ವಿಳಾಸದ ತಂತಿಗಳು ಎಆರ್‌ಗೆ ಮಾತ್ರ ಜೋಡಣೆಯಾಗಿವೆ. ಬೇರೆ ಯಾವ ರಿಜಿಸ್ಟರೂ ಮೆಮೊರಿಗೆ ನೇರವಾಗಿ ವಿಳಾಸ ಕೊಡಲಾರದು. ಎರಡನೆಯದು, ರಿಜಿಸ್ಟರುಗಳ ನಡುವೆ ಇರುವುದು ಒಂದೇ ಬಸ್. ಒಂದು ಪಲ್ಸಿನಲ್ಲಿ ಅದರ ಮೇಲೆ ಒಂದೇ ಸಂಖ್ಯೆ ಸಾಗಬಹುದು. ಯಾವ ಹೆಜ್ಜೆ ಯಾವ ಪಲ್ಸಿಗೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಎರಡು ಕಟ್ಟುಪಾಡುಗಳೇ ಹೊರತು ಪಠ್ಯಪುಸ್ತಕದವರ ಇಷ್ಟವಲ್ಲ.

ಪಲ್ಸುಗಳನ್ನು ಎಣಿಸಲು 4 ಬಿಟ್‌ನ ಇನ್ನೊಂದು ಕೌಂಟರ್ ಇದೆ. ಅದರ ಹೆಸರು ಎಸ್‌ಸಿ. ಅದು ಸೊನ್ನೆಯಲ್ಲಿದ್ದಾಗ T0 ಎಂಬ ಸಂಕೇತ ಏಳುತ್ತದೆ, ಒಂದಾದಾಗ T1, ಹೀಗೆ T15ರವರೆಗೆ. ತರುವ ಹಂತಕ್ಕೆ ಎರಡು ಪಲ್ಸ್, ಅರ್ಥ ಬಿಡಿಸಲು ಒಂದು:

```
T0:  AR ← PC
T1:  IR ← M[AR],  PC ← PC + 1
T2:  D0..D7 ← decode IR(12-14),  AR ← IR(0-11),  I ← IR(15)
```

ಬಾಣದ ಬಲಗಡೆ ಇರುವುದು ಮೂಲ, ಎಡಗಡೆ ಇರುವುದು ಅದು ಸೇರುವ ಜಾಗ. ನಕಲು ಮಾಡಿದಾಗ ಮೂಲ ಅಳಿಯುವುದಿಲ್ಲ. T0 ಮುಗಿದ ಮೇಲೆ ಪಿಸಿಯಲ್ಲೂ ಎಆರ್‌ನಲ್ಲೂ ಒಂದೇ ವಿಳಾಸ ಇರುತ್ತದೆ. `M[AR]` ಎಂದರೆ ಎಆರ್ ತೋರಿಸುತ್ತಿರುವ ಮೆಮೊರಿ ಜಾಗದ ಒಳಗಿರುವುದು. ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಬರೆದವು ಒಂದರ ಹಿಂದೆ ಒಂದು ನಡೆಯುವುದಿಲ್ಲ, ಒಂದೇ ಪಲ್ಸಿನ ಕೊನೆಯಲ್ಲಿ ಒಟ್ಟಿಗೆ ನಡೆಯುತ್ತವೆ. ಬಲಗಡೆಯ ಬೆಲೆಗಳೆಲ್ಲ ಆ ಪಲ್ಸಿಗೆ ಮುಂಚಿನ ಬೆಲೆಗಳು.

T1ರಲ್ಲಿ ಎರಡು ಕೆಲಸ ಒಟ್ಟಿಗೆ ಹೇಗೆ ಆಗುತ್ತವೆ ಎಂದರೆ, ಮೆಮೊರಿಯಿಂದ ಐಆರ್‌ಗೆ ಹೋಗುವ ಪದಕ್ಕೆ ಬಸ್ ಬೇಕು, ಪಿಸಿಗೆ ಒಂದು ಕೂಡಲು ಬಸ್ ಬೇಡ. ಏರಿಸುವ ಏರ್ಪಾಡು ಪಿಸಿಯ ಒಳಗೇ ಇದೆ. ಈ ಏರಿಕೆಯನ್ನು T0ರಲ್ಲೇ ಮಾಡಿದ್ದರೂ ಕೆಡುಕಿರಲಿಲ್ಲ. ಎಆರ್‌ಗೆ ಹಳೆಯ ಬೆಲೆಯೇ ಹೋಗುತ್ತಿತ್ತು. ಆದರೆ ಕಾರ್ಯ ಮಾಡುವ ಹಂತ ಶುರುವಾಗುವ ಮೊದಲು ಅದು ಮುಗಿದಿರಲೇಬೇಕು. ಕಾರಣ ಸ್ವಲ್ಪ ಮುಂದೆ ಕಾಣುತ್ತದೆ.

T2ರಲ್ಲಿ ಆದೇಶವನ್ನು ಮೂರು ತುಂಡು ಮಾಡಿ ನೋಡಲಾಗುತ್ತದೆ. ಕೆಳಗಿನ 12 ಬಿಟ್ ವಿಳಾಸ. ಅದು ಬಸ್ ಹತ್ತಿ ಎಆರ್‌ಗೆ ಹೋಗುತ್ತದೆ. ನಡುವಿನ ಮೂರು ಬಿಟ್ ಮಾಡಬೇಕಾದ ಕೆಲಸದ ಗುರುತು. ಡಿಕೋಡರ್ ಎಂಬ ಸರ್ಕ್ಯೂಟು ಅದನ್ನು ನೋಡಿ D0ದಿಂದ D7ರವರೆಗಿನ ಎಂಟು ತಂತಿಗಳಲ್ಲಿ ಒಂದನ್ನು ಮಾತ್ರ ಎಬ್ಬಿಸುತ್ತದೆ. ಎಲ್ಲಕ್ಕಿಂತ ಮೇಲಿನ ಬಿಟ್ `I` ಎಂಬ ಒಂಟಿ ಫ್ಲಿಪ್-ಫ್ಲಾಪಿಗೆ ಹೋಗುತ್ತದೆ. ಇಲ್ಲಿ ಡಿಕೋಡ್ ಸಾಲಿನಲ್ಲೂ ಬಾಣ ಹಾಕಿದ್ದರೂ ನಿಜಕ್ಕೆ ಅದು ನಕಲಲ್ಲ. ಐಆರ್‌ನಲ್ಲಿ ಆದೇಶ ಕೂತ ಕೂಡಲೇ ಡಿಕೋಡರಿನ ತಂತಿ ಏಳುತ್ತದೆ, ಐಆರ್ ಬದಲಾಗುವವರೆಗೂ ಹಾಗೇ ಇರುತ್ತದೆ.

ಈಗ ಒಂದು ಆದೇಶವನ್ನು ಹಿಂಬಾಲಿಸೋಣ. ಸಂಖ್ಯೆಗಳೆಲ್ಲ ಹೆಕ್ಸಾಡೆಸಿಮಲ್‌ನಲ್ಲಿವೆ, ಅಂದರೆ ಒಂದೊಂದು ಅಂಕಿಯೂ ನಾಲ್ಕು ಬಿಟ್‌ಗೆ ಸಮ. ಪಿಸಿಯಲ್ಲಿ 100, ಎಸಿಯಲ್ಲಿ 0025 ಇದೆ. ಮೆಮೊರಿಯ 100ನೇ ಜಾಗದಲ್ಲಿ 1205, 205ನೇ ಜಾಗದಲ್ಲಿ 0030 ಇದೆ. T0 ಮುಗಿದಾಗ ಎಆರ್‌ನಲ್ಲಿ 100. T1 ಮುಗಿದಾಗ ಐಆರ್‌ನಲ್ಲಿ 1205, ಪಿಸಿಯಲ್ಲಿ 101. ಮೊದಲ ಅಂಕಿ 1 ಎಂದರೆ ಬಿಟ್‌ಗಳಲ್ಲಿ 0001: ಮೇಲಿನ ಬಿಟ್ ಸೊನ್ನೆ, ಉಳಿದ ಮೂರು 001. ಹಾಗಾಗಿ D1 ಏಳುತ್ತದೆ, ಅದು ಕೂಡುವ ಆದೇಶದ ಗುರುತು. T2 ಮುಗಿದಾಗ ಎಆರ್‌ನಲ್ಲಿ 205 ಬಂದು ಕೂತಿರುತ್ತದೆ. T3 ಇಲ್ಲಿ ಖಾಲಿ ಹೋಗುತ್ತದೆ. ಆಮೇಲೆ:

```
D1 T4:  DR ← M[AR]
D1 T5:  AC ← AC + DR,  E ← carry,  SC ← 0
```

ಮೆಮೊರಿಯ ಪದವನ್ನು ನೇರವಾಗಿ ಎಸಿಗೆ ಕೂಡಿಬಿಡದೆ ಡಿಆರ್‌ಗೆ ಏಕೆ ತರಬೇಕು? ಕೂಡುವ ಸರ್ಕ್ಯೂಟಿಗೆ ಬಸ್ಸಿನಿಂದ ದಾರಿಯಿಲ್ಲ. ಅದು ಎಸಿ ಮತ್ತು ಡಿಆರ್‌ಗಳನ್ನು ಮಾತ್ರ ನೋಡಬಲ್ಲದು. ಇಲ್ಲೂ ತಂತಿಯದೇ ಮಾತು. T4ರಲ್ಲಿ ಡಿಆರ್‌ಗೆ 0030 ಬರುತ್ತದೆ, T5ರಲ್ಲಿ ಎಸಿ 0055 ಆಗುತ್ತದೆ, ಎಸ್‌ಸಿ ಸೊನ್ನೆಗೆ ಹೋಗಿ ಮುಂದಿನ ಪಲ್ಸ್ ಮತ್ತೆ T0. ಒಟ್ಟು ಆರು ಪಲ್ಸ್.

T3 ಖಾಲಿ ಹೋದದ್ದು `I` ಬಿಟ್ ಸೊನ್ನೆ ಆಗಿದ್ದರಿಂದ. 101ನೇ ಜಾಗದಲ್ಲಿ 9206 ಇದೆ ಎನ್ನಿ. 9 ಎಂದರೆ 1001: ಕೆಲಸ ಅದೇ ಕೂಡುವುದು, ಆದರೆ ಮೇಲಿನ ಬಿಟ್ ಒಂದು. ಹಾಗಿದ್ದಾಗ 206ನೇ ಜಾಗದಲ್ಲಿ ಇರುವುದು ಕೂಡಬೇಕಾದ ಸಂಖ್ಯೆಯಲ್ಲ, ಆ ಸಂಖ್ಯೆ ಇರುವ ಜಾಗದ ವಿಳಾಸ. T3ರಲ್ಲಿ `AR ← M[AR]` ನಡೆದು, 206ರಲ್ಲಿ ಇದ್ದ 0300 ಎಆರ್‌ಗೆ ಬರುತ್ತದೆ. ಮುಂದಿನ T4, T5 ಒಂದಿಷ್ಟೂ ಬದಲಾಗುವುದಿಲ್ಲ. ವಿಳಾಸದ ಬಳಸು ದಾರಿಯೆಲ್ಲ T3ರಲ್ಲೇ ಮುಗಿದಿರುವುದರಿಂದ ಕೂಡುವ ಹಂತಕ್ಕೆ ಅದರ ಗೊಡವೆಯೇ ಇಲ್ಲ. ಈ ವಿನ್ಯಾಸದ ಚೆಲುವಾದ ಅಂಶ ಇದೇ ಎನ್ನಬಹುದು.

ಹಾಗೆಂದು ಎಲ್ಲ ಆದೇಶಗಳಿಗೂ ಆರು ಪಲ್ಸ್ ಬೇಕಿಲ್ಲ. ಎಸಿಯನ್ನು ಮೆಮೊರಿಗೆ ಬರೆಯುವ ಆದೇಶ T4ರಲ್ಲೇ ಮುಗಿಯುತ್ತದೆ. ಎಸಿಯನ್ನು ಸೊನ್ನೆ ಮಾಡುವ 7800ಕ್ಕೆ ಮೆಮೊರಿಯ ಹಂಗೇ ಇಲ್ಲವಾದ್ದರಿಂದ T3ಕ್ಕೇ ಮುಗಿತಾಯ.

ಪಿಸಿ ಮೊದಲೇ ಏರಿರಬೇಕು ಎಂದದ್ದೇಕೆ ಎಂಬುದು ಸಬ್‌ರೂಟೀನ್ ಕರೆಯುವ ಆದೇಶದಲ್ಲಿ ಗೊತ್ತಾಗುತ್ತದೆ. 102ನೇ ಜಾಗದಲ್ಲಿ 5400 ಇದೆ. ಅರ್ಥ: 400ನೇ ಜಾಗದಲ್ಲಿ ಹಿಂದಿರುಗುವ ವಿಳಾಸ ಬರೆದಿಟ್ಟು, 401ರಿಂದ ಕೆಲಸ ಶುರುಮಾಡು.

```
D5 T4:  M[AR] ← PC,  AR ← AR + 1
D5 T5:  PC ← AR,  SC ← 0
```

T4 ಬರುವ ಹೊತ್ತಿಗೆ ಪಿಸಿಯಲ್ಲಿ 103 ಇರುತ್ತದೆ, T1ರಲ್ಲೇ ಏರಿದೆಯಲ್ಲ. ಅದು 400ನೇ ಜಾಗದಲ್ಲಿ ಕೂರುತ್ತದೆ. ಅದೇ ಪಲ್ಸಿನಲ್ಲಿ ಎಆರ್ ತನ್ನೊಳಗೇ ಏರಿ 401 ಆಗುತ್ತದೆ. T5ರಲ್ಲಿ ಅದು ಪಿಸಿಗೆ ಹೋಗುತ್ತದೆ. ಎರಡನ್ನೂ ಒಂದೇ ಪಲ್ಸಿನಲ್ಲಿ ಮುಗಿಸಲಾಗದು, ಏಕೆಂದರೆ T4ರಲ್ಲಿ ಬಸ್ ಮೇಲೆ ಪಿಸಿಯ ಸಂಖ್ಯೆ ಸಾಗುತ್ತಿರುತ್ತದೆ. ಪಿಸಿ ಏರದೇ ಇದ್ದಿದ್ದರೆ 400ರಲ್ಲಿ 102 ಕೂರುತ್ತಿತ್ತು, ಸಬ್‌ರೂಟೀನ್ ಮುಗಿದಾಗಲೆಲ್ಲ ಯಂತ್ರ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತಿತ್ತು. ಹಿಂದಿರುಗಲು ಬೇರೆ ಆದೇಶವೇ ಬೇಡ: ಸಬ್‌ರೂಟೀನಿನ ಕೊನೆಯಲ್ಲಿ C400, ಅಂದರೆ `I` ಬಿಟ್ ಎದ್ದಿರುವ ಜಿಗಿತ. T3ರಲ್ಲಿ ಎಆರ್‌ಗೆ 103 ಬರುತ್ತದೆ, T4ರಲ್ಲಿ `PC ← AR`. ಈ ಏರ್ಪಾಡಿನ ಮಿತಿಯೂ ಎದುರಿಗೇ ಇದೆ. ಸಬ್‌ರೂಟೀನ್ ಮುಗಿಯುವ ಮೊದಲೇ ತನ್ನನ್ನು ತಾನು ಕರೆದುಕೊಂಡರೆ 400ರಲ್ಲಿದ್ದ ಹಳೆಯ ವಿಳಾಸದ ಮೇಲೆ ಹೊಸದು ಬರೆದುಹೋಗುತ್ತದೆ, ಮೊದಲು ಕರೆದಲ್ಲಿಗೆ ಮರಳುವ ದಾರಿ ಮುಚ್ಚಿಹೋಗುತ್ತದೆ.

ಇಂಥ ಯಂತ್ರವನ್ನು ಕಟ್ಟುವಾಗ ಆಗುವ ತಪ್ಪುಗಳಲ್ಲಿ ಎರಡು ವಿಶೇಷ. ಪಲ್ಸ್ ಉಳಿಸುವ ಆಸೆಗೆ T0, T1 ಎರಡನ್ನೂ ಒಂದೇ ಮಾಡಿ `AR ← PC, IR ← M[AR]` ಎಂದು ಬರೆಯುವುದು ಒಂದು. ಮೇಲಿನ ಉದಾಹರಣೆಯಲ್ಲಿ ಮೊದಲ ಆದೇಶ ಮುಗಿದಾಗ ಎಆರ್‌ನಲ್ಲಿ ಇನ್ನೂ 205 ಇತ್ತು. ಐಆರ್ ಆ ಹಳೆಯ ವಿಳಾಸದಿಂದಲೇ ಓದುತ್ತದೆ, ಅಲ್ಲಿದ್ದ 0030 ಆದೇಶವಾಗಿಬಿಡುತ್ತದೆ. ಮೊದಲ ಅಂಕಿ 0 ಎಂದರೆ ‘ಆಂಡ್’ ಕ್ರಿಯೆ, ವಿಳಾಸ 030; ಕೂಡಬೇಕಿದ್ದ ಸಂಖ್ಯೆಯೇ ಈಗ ಆದೇಶದ ವೇಷದಲ್ಲಿ ಬಂದು ಎಸಿಯ ಮೇಲೆ ಕೈಯಾಡಿಸುತ್ತದೆ. ಪತ್ತೆ ಕಷ್ಟವಲ್ಲ. ಪ್ರತಿ ಸಲ T1 ಮುಗಿದಾಗ ಐಆರ್‌ನಲ್ಲಿ ಇರುವುದನ್ನು ಪ್ರೋಗ್ರಾಮಿನ ಪಟ್ಟಿಯೊಂದಿಗೆ ಹೋಲಿಸಿದರೆ ಮೊದಲ ತಪ್ಪು ಹೆಜ್ಜೆಯೇ ಸಿಕ್ಕಿಬೀಳುತ್ತದೆ.

ವೆರಿಲಾಗ್‌ನಲ್ಲಿ ಬರೆಯುವವರಿಗೆ ಇದೇ ತಪ್ಪು ಮರೆಯಾಗಿ ಹೋಗುವುದೂ ಉಂಟು. `<=` ಬಳಸಿದರೆ ಬಾಣದ ಅರ್ಥವೇ ಉಳಿಯುತ್ತದೆ, ಹಳೆಯ ಬೆಲೆಯೇ ಓದಿಸಿಕೊಳ್ಳುತ್ತದೆ, ತಪ್ಪು ಕಾಣುತ್ತದೆ. ಬದಲಿಗೆ `AR = PC; IR = M[AR];` ಎಂದು ಬರೆದರೆ ಸಾಲುಗಳು ಒಂದರ ಹಿಂದೆ ಒಂದು ನಡೆದು ಪರದೆಯ ಮೇಲೆ ಸರಿಯಾದ ಉತ್ತರವೇ ಬರುತ್ತದೆ. ಆದರೆ ಅದು ವಿವರಿಸುವುದು ಬೇರೆಯದೇ ಯಂತ್ರವನ್ನು: ಅಲ್ಲಿ ಮೆಮೊರಿಯ ವಿಳಾಸ ಪಿಸಿಯಿಂದಲೇ ನೇರವಾಗಿ ಹೋಗುತ್ತದೆ.

ಇನ್ನೊಂದು ತಪ್ಪು ಕೊನೆಯ `SC ← 0` ಮರೆಯುವುದು. ಇದು ಉತ್ತರವನ್ನು ಕೆಡಿಸುವುದೇ ಇಲ್ಲ. ಕೂಡುವ ಆದೇಶ T5ಕ್ಕೆ ಮುಗಿದರೂ ಎಸ್‌ಸಿ ಎಣಿಸುತ್ತಲೇ ಹೋಗುತ್ತದೆ, T6ರಿಂದ T15ರವರೆಗೆ ಯಾವ ರಿಜಿಸ್ಟರೂ ಮಿಸುಕುವುದಿಲ್ಲ, ಆಮೇಲೆ ತಾನಾಗಿ ಸೊನ್ನೆಗೆ ಮರಳುತ್ತದೆ. ಆರು ಪಲ್ಸಿನ ಕೆಲಸಕ್ಕೆ ಹದಿನಾರು. ರಿಜಿಸ್ಟರುಗಳ ಬೆಲೆಯನ್ನಷ್ಟೇ ನೋಡುವವರಿಗೆ ಇದು ಸಿಗದು. ಒಂದು T0ದಿಂದ ಮುಂದಿನ T0ಗೆ ಎಷ್ಟು ಪಲ್ಸ್ ಎಂದು ಎಣಿಸಿದವರಿಗೆ ಮಾತ್ರ ಸಿಗುತ್ತದೆ.