ಗೇರ್‌ಬಾಕ್ಸಿನೊಳಗಿನ ತೊಂಬತ್ತು ಲೀಟರ್

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬನ್ನು ಗಾಣದತ್ತ ಎಳೆದೊಯ್ಯುವ ಕೇನ್ ಕ್ಯಾರಿಯರ್ ಆಮೆಯ ವೇಗದಲ್ಲಿ ಸಾಗುತ್ತದೆ. ಅದನ್ನು ಎಳೆಯುವ ಮೋಟರ್ ಮಾತ್ರ ನಿಮಿಷಕ್ಕೆ 1480 ಸುತ್ತು ತಿರುಗುತ್ತಿರುತ್ತದೆ. ಇವೆರಡರ ನಡುವೆ ಕೂತ ಕಬ್ಬಿಣದ ಪೆಟ್ಟಿಗೆಯೇ ರೆಡ್ಯೂಸರ್. ಕಾರ್ಖಾನೆಯ ಮಂದಿ ಅದನ್ನು ಗೇರ್‌ಬಾಕ್ಸ್ ಎಂದೇ ಕರೆಯುತ್ತಾರೆ. ಅದು ಹಂತ ಹಂತವಾಗಿ ವೇಗವನ್ನು ಇಳಿಸಿ ಬಲವನ್ನು ಹೆಚ್ಚಿಸುತ್ತದೆ. ಅದರ ಮೈಮೇಲಿನ ತಗಡಿನಲ್ಲಿ ಅನುಪಾತ, ಎಣ್ಣೆಯ ಪ್ರಮಾಣ ಇವುಗಳ ಜೊತೆಗೆ ‘ಐಎಸ್ಒ ವಿಜಿ 320’ ಎಂದು ಕೊರೆದಿರುತ್ತದೆ. ಹಂಗಾಮಿನ ನಡುವೆ ಗೇರ್‌ಬಾಕ್ಸ್ ಕೈಕೊಟ್ಟಾಗ ತನಿಖೆ ಹೆಚ್ಚಾಗಿ ಬಂದು ನಿಲ್ಲುವುದು ಈ ಒಂದು ಸಂಖ್ಯೆಯ ಬಳಿಯಲ್ಲೇ.

320 ಎಂಬುದು ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಅದು ತೋರುವ ತಡೆ. ಅಳತೆಯ ಹೆಸರು ಸೆಂಟಿಸ್ಟೋಕ್ಸ್. ಅಳೆಯುವುದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹತ್ತು ಶೇಕಡ ಆಚೀಚೆ ಇರಲು ಅವಕಾಶವಿದೆ. ಹಾಗಾಗಿ 288ರಿಂದ 352ರವರೆಗಿನ ಎಣ್ಣೆಯೆಲ್ಲ 320 ದರ್ಜೆಯದೇ. ಅದರ ಕೆಳಗಿನ ದರ್ಜೆ 220, ಮೇಲಿನದು 460.

ತೊಡಕು ಇರುವುದು ಆ 40 ಡಿಗ್ರಿಯಲ್ಲಿ. ಕೆಲಸದಲ್ಲಿರುವ ಗೇರ್‌ಬಾಕ್ಸಿನ ಎಣ್ಣೆ ಅಷ್ಟು ತಣ್ಣಗೆ ಇರುವುದು ಅಪರೂಪ. ಜೋನಿಬೆಲ್ಲ ಬಿಸಿಯಾದಂತೆ ನೀರಾಗುವ ಹಾಗೆ ಎಣ್ಣೆಯೂ ತೆಳುವಾಗುತ್ತದೆ, ಅದೂ ನಾವು ಊಹಿಸುವುದಕ್ಕಿಂತ ಬೇಗ. ಸಾಧಾರಣ ಖನಿಜ ಮೂಲದ 320 ಎಣ್ಣೆ 70 ಡಿಗ್ರಿಗೆ ಬಂದಾಗ ಅದರ ಸ್ನಿಗ್ಧತೆ ಸುಮಾರು 70ಕ್ಕೆ ಇಳಿದಿರುತ್ತದೆ; 80 ಡಿಗ್ರಿಯಲ್ಲಿ 47ರ ಆಸುಪಾಸು. ಡಿಸೆಂಬರಿನ ಚಳಿಯಲ್ಲಿ, ರಾತ್ರಿಯೆಲ್ಲ ನಿಂತಿದ್ದ ಯಂತ್ರವನ್ನು 15 ಡಿಗ್ರಿಯಲ್ಲಿ ಚಾಲೂ ಮಾಡಿದರೆ ಅದೇ ಎಣ್ಣೆ 2000 ದಾಟಿರುತ್ತದೆ. ಹಲ್ಲುಗಳು ಎಣ್ಣೆಯಲ್ಲಿ ಅದ್ದಿ ತಿರುಗುವ ಗೇರ್‌ಬಾಕ್ಸ್ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಪಂಪಿನಿಂದ ಎಣ್ಣೆ ಪಡೆಯುವಂಥದ್ದಾದರೆ ಮೊದಲು ಹೀಟರ್ ಹಾಕಲೇಬೇಕು.

ತಯಾರಕರು 320 ಎಂದು ಬರೆಯುವುದರ ಹಿಂದೆ ಒಂದು ರಾಜಿಯಿದೆ. ಎರಡು ಹಲ್ಲುಗಳು ಒತ್ತಿಕೊಳ್ಳುವ ಕಡೆ ಅವುಗಳನ್ನು ಬೇರ್ಪಡಿಸುವುದು ಒಂದು ಮೈಕ್ರಾನಿನ ಆಸುಪಾಸಿನ ಎಣ್ಣೆಯ ಪದರ. ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ಈ ಪದರ ಎಷ್ಟು ದಪ್ಪವಾಗುತ್ತದೆ ಎಂಬುದು ಮುಖ್ಯವಾಗಿ ಎರಡನ್ನು ಅವಲಂಬಿಸಿದೆ: ಹಲ್ಲುಗಳ ವೇಗ, ಆ ಬಿಸಿಯಲ್ಲಿ ಎಣ್ಣೆಗೆ ಉಳಿದಿರುವ ಸ್ನಿಗ್ಧತೆ. ಮೋಟರ್ ಬದಿಯ ಪಿನಿಯನ್ ವೇಗವಾಗಿ ತಿರುಗುವುದರಿಂದ ತೆಳು ಎಣ್ಣೆಯನ್ನೂ ಎಳೆದು ಪದರ ಕಟ್ಟಿಕೊಳ್ಳುತ್ತದೆ. ಗಟ್ಟಿ ಎಣ್ಣೆ ಸಿಕ್ಕರೆ ಅದನ್ನು ಕಡೆದು ಸುಮ್ಮನೆ ಬಿಸಿ ಮಾಡುತ್ತದೆ. ಕೊನೆಯ ಹಂತದ ದೊಡ್ಡ ಗೇರ್ ನಿಧಾನ, ಅದರ ಮೇಲಿನ ಭಾರ ಹೆಚ್ಚು. ಅದಕ್ಕೆ ಗಟ್ಟಿ ಎಣ್ಣೆಯೇ ಬೇಕು. ಎರಡಕ್ಕೂ ಇರುವುದು ಒಂದೇ ಪೆಟ್ಟಿಗೆ, ಒಂದೇ ಎಣ್ಣೆ. ಸಾಮಾನ್ಯವಾಗಿ ನಿಧಾನದ ಹಂತವನ್ನು ಉಳಿಸುವ ಕಡೆಗೇ ತಯಾರಕರ ಆಯ್ಕೆ ವಾಲುತ್ತದೆ.

‘ಗಟ್ಟಿ ಇದ್ದಷ್ಟೂ ಒಳ್ಳೆಯದು’ ಎಂದು 320ರ ಜಾಗಕ್ಕೆ 460 ಸುರಿಯುವ ಅಭ್ಯಾಸ ಅನೇಕ ಕಡೆ ಇದೆ. ಲೆಕ್ಕ ಹಾಕಿದರೆ ಅದರಲ್ಲಿ ಹೆಚ್ಚಿನ ಲಾಭ ಕಾಣುವುದಿಲ್ಲ. 70 ಡಿಗ್ರಿಯಲ್ಲೇ ಉಳಿದರೆ 460 ಎಣ್ಣೆಯ ಸ್ನಿಗ್ಧತೆ 93ರಷ್ಟಿರುತ್ತದೆ, ಸರಿ. ಆದರೆ ಕಡೆಯುವಿಕೆಯಿಂದ ಬಿಸಿ ಐದೇ ಡಿಗ್ರಿ ಏರಿದರೂ ಅದು 75ಕ್ಕೆ ಬರುತ್ತದೆ. ಗಳಿಸಿದ್ದರಲ್ಲಿ ಮುಕ್ಕಾಲು ಪಾಲು ಹೋಯಿತು. ಎಣ್ಣೆ ಬೇಗ ಹಳತಾಗುವ ಶಿಕ್ಷೆ ಬೇರೆ. ಬಿಸಿಯೇ ತೊಂದರೆಯಾಗಿದ್ದರೆ ಗೇರ್‌ಬಾಕ್ಸಿನ ಮೈಮೇಲೆ ಕಟ್ಟಿದ ಕಬ್ಬಿನ ಸಿಪ್ಪೆಯ ಪುಡಿಯನ್ನು ಕೆರೆದು ತೆಗೆಯುವುದು ಅಗ್ಗದ ಮೊದಲ ಹೆಜ್ಜೆ. ಆ ಹೊದಿಕೆ ಶಾಖವನ್ನು ಹೊರಬಿಡುವುದಿಲ್ಲ. ವರ್ಮ್ ಗೇರ್‌ಗಳ ಮಾತು ಬೇರೆ: ಅಲ್ಲಿ ಉಜ್ಜಾಟವೇ ಪ್ರಧಾನವಾದ್ದರಿಂದ 460 ಅಥವಾ 680 ಸಹಜ. ಚಕ್ರ ಕಂಚಿನದಾಗಿರುವುದರಿಂದ, ಉಕ್ಕಿನ ಗೇರ್‌ಗೆ ಒಗ್ಗುವ ಗಂಧಕಯುಕ್ತ ಇಪಿ ಎಣ್ಣೆ ಅಲ್ಲಿ ಬಿಸಿಯಲ್ಲಿ ಕಂಚನ್ನೇ ತಿನ್ನಬಹುದು.

ಎಣ್ಣೆಯ ಆಯುಸ್ಸಿಗೆ ಬರೋಣ. ಹೊಸ ಗೇರ್‌ಬಾಕ್ಸಿನ ಮೊದಲ ಎಣ್ಣೆಯನ್ನು ಸುಮಾರು 500 ಗಂಟೆಗೆ ಬದಲಿಸುವುದು ರೂಢಿ. ಹಗಲೂ ರಾತ್ರಿ ಓಡುವ ಕಾರ್ಖಾನೆಯಲ್ಲಿ ಅದು 21 ದಿನ. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಉಕ್ಕಿನ ಪುಡಿ ಆ ಎಣ್ಣೆಯಲ್ಲಿ ಸೇರಿರುತ್ತದೆ. ಆಮೇಲಿನ ಅವಧಿಯ ಬಗ್ಗೆ ಕೈಪಿಡಿಗಳು ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ಹಳೆಯ ಪದ್ಧತಿ 2500 ಗಂಟೆ ಅಥವಾ ಆರು ತಿಂಗಳು ಎನ್ನುತ್ತದೆ. ಯುರೋಪಿನ ಕೆಲವು ತಯಾರಕರು ಖನಿಜ ಎಣ್ಣೆಗೆ 80 ಡಿಗ್ರಿಯಲ್ಲಿ 10,000 ಗಂಟೆ ಅಥವಾ ಎರಡು ವರ್ಷ, ಸಿಂಥೆಟಿಕ್‌ಗೆ ಅದರ ಇಮ್ಮಡಿ ಕೊಡುತ್ತಾರೆ. ಇಲ್ಲಿ ಗಮನಿಸಬೇಕಾದದ್ದು 80 ಡಿಗ್ರಿ ಎಂಬ ಷರತ್ತನ್ನು. ಬಿಸಿ ಹತ್ತು ಡಿಗ್ರಿ ಏರಿದರೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಕೆಡುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 90 ಡಿಗ್ರಿಯಲ್ಲಿ ಓಡುವ ಗೇರ್‌ಬಾಕ್ಸಿಗೆ ಅದೇ 10,000 ಗಂಟೆ 5000ಕ್ಕೆ ಇಳಿಯಿತು.

ಗಂಟೆಗಳ ಲೆಕ್ಕ ಎಣ್ಣೆ ತಾನಾಗಿ ಹಳತಾಗುವುದನ್ನು ಮಾತ್ರ ಹಿಡಿಯುತ್ತದೆ. ಹೊರಗಿನಿಂದ ಏನಾದರೂ ಬೆರೆತರೆ ಆ ಲೆಕ್ಕ ಕುರುಡು. ಇದು ಹೇಗೆಂದು ಒಂದು ಉದಾಹರಣೆಯಿಂದ ನೋಡಬಹುದು. 90 ಲೀಟರ್ ಹಿಡಿಯುವ ಕೇನ್ ಕ್ಯಾರಿಯರ್ ಗೇರ್‌ಬಾಕ್ಸ್. ಹಂಗಾಮಿನ ಆರಂಭದಲ್ಲಿ ತುಂಬಿದ ಹೊಸ 320 ಎಣ್ಣೆ. ಎರಡು ತಿಂಗಳಾದ ಮೇಲೆ ಪ್ರಯೋಗಾಲಯಕ್ಕೆ ಹೋದ ಒಂದು ಸೀಸೆ. ವರದಿಯಲ್ಲಿ ಸ್ನಿಗ್ಧತೆ 262 ಎಂದಿದೆ. ಆಮ್ಲಾಂಶ 0.8 ಇದ್ದದ್ದು 0.9 ಆಗಿದೆ ಅಷ್ಟೆ. ನೀರು ನೆಪಮಾತ್ರಕ್ಕೆ. ಕಬ್ಬಿಣದ ಅಂಶ ತುಸು ಏರಿದೆ.

ಎಣ್ಣೆ ಹಳತಾಗಿದೆ, ಬದಲಿಸಿ ಎಂದುಬಿಡುವುದು ಸುಲಭ. ಆದರೆ ಹಳತಾದ ಎಣ್ಣೆ ಹೀಗಿರುವುದಿಲ್ಲ. ಆಮ್ಲಜನಕದಿಂದ ಕೆಟ್ಟ ಎಣ್ಣೆ ತೆಳುವಾಗುವುದಿಲ್ಲ, ಗಟ್ಟಿಯಾಗುತ್ತದೆ. ಕಪ್ಪಗಾಗಿ ಸುಟ್ಟ ವಾಸನೆ ಬೀರುತ್ತದೆ. ಆಮ್ಲಾಂಶ ಹೊಸದಕ್ಕಿಂತ ಒಂದು ಅಂಕಕ್ಕೂ ಮೇಲೆ ಜಿಗಿಯುತ್ತದೆ. ಇಲ್ಲಿ ಆಮ್ಲ ಅಲುಗಿಲ್ಲ, ಸ್ನಿಗ್ಧತೆ ಮಾತ್ರ ಹದಿನೆಂಟು ಶೇಕಡ ಬಿದ್ದಿದೆ. ಯಾವುದೋ ತೆಳು ದ್ರವ ಒಳಗೆ ಸೇರಿದೆ ಎಂದೇ ಅರ್ಥ.

ಸಂಶಯ ಇಬ್ಬರ ಮೇಲೆ. ಮೊದಲನೆಯದು ಡೀಸೆಲ್. ಎಣ್ಣೆ ಬದಲಿಸುವಾಗ ಪೆಟ್ಟಿಗೆಯನ್ನು ಡೀಸೆಲ್ಲಿನಿಂದ ತೊಳೆಯುವ ಪರಿಪಾಠ ಇನ್ನೂ ಹೋಗಿಲ್ಲ. ತಳದ ಮೂಲೆಗಳಲ್ಲಿ ಎರಡೇ ಲೀಟರ್ ಉಳಿದುಕೊಂಡರೂ 90 ಲೀಟರಿನ 320 ಎಣ್ಣೆ ಸುಮಾರು 265ಕ್ಕೆ ಕುಸಿಯಬಹುದು. ಎರಡನೆಯದು ಹೈಡ್ರಾಲಿಕ್ ಎಣ್ಣೆ. ಗಾಣದ ಮೇಲಿನ ರೋಲರನ್ನು ಒತ್ತಿ ಹಿಡಿಯುವ ಹೈಡ್ರಾಲಿಕ್ ವ್ಯವಸ್ಥೆಗೆಂದು 68 ದರ್ಜೆಯ ಎಣ್ಣೆ ಕೈಗೆಟುಕುವಲ್ಲೇ ಇರುತ್ತದೆ. ಅದು ಹತ್ತು ಲೀಟರ್ ಬೆರೆತರೂ ಫಲಿತಾಂಶ 262ರ ಹತ್ತಿರವೇ. ಹಾಗಾದರೆ ಯಾವುದು? ಉತ್ತರ ಅದೇ ವರದಿಯ ಇನ್ನೊಂದು ಸಾಲಿನಲ್ಲಿದೆ. ಹೊಸ ಎಣ್ಣೆಯಲ್ಲಿ ಇಲ್ಲವೆನ್ನುವಷ್ಟೇ ಇದ್ದ ಸತು ಈಗ 45 ಪಿಪಿಎಂ. ಗೇರ್ ಎಣ್ಣೆಯ ಇಪಿ ಅಂಶ ಗಂಧಕ ಮತ್ತು ರಂಜಕದ್ದು. ಸವೆತ ತಡೆಯಲು ಸತುವಿನ ಸಂಯುಕ್ತ ಬೆರೆಸುವುದು ಅನೇಕ ಹೈಡ್ರಾಲಿಕ್ ಎಣ್ಣೆಗಳಲ್ಲಿ. ಡೀಸೆಲ್ ಆಗಿದ್ದರೆ ಸತು ಏರುತ್ತಿರಲಿಲ್ಲ, ಬದಲಿಗೆ ಎಣ್ಣೆಗೆ ಬೆಂಕಿ ತಗಲುವ ಉಷ್ಣತೆ ಇಳಿಯುತ್ತಿತ್ತು. ಯಾವುದೋ ಪಾಳಿಯಲ್ಲಿ ಮಟ್ಟ ಇಳಿದದ್ದನ್ನು ಕಂಡು ಯಾರೋ ತಪ್ಪು ಕ್ಯಾನ್ ಎತ್ತಿದ್ದಾರೆ.

ಈಗ ಮಾಡಬೇಕಾದದ್ದೇನು? 262 ಎಂಬುದು 288ರ ಕೆಳಮಿತಿಗೂ ಕಡಿಮೆ. 70 ಡಿಗ್ರಿಯಲ್ಲಿ ಅದು 60ರ ಆಸುಪಾಸು. ಅಷ್ಟಕ್ಕೇ ಗೇರ್ ಇವತ್ತೇ ಮುರಿಯುವುದಿಲ್ಲ, ಕಾರ್ಖಾನೆ ನಿಲ್ಲಿಸಬೇಕಿಲ್ಲ. ಆದರೆ ನಿಧಾನದ ಹಂತದಲ್ಲಿ ಪದರ ತೆಳುವಾಗಿದೆ, ಇಪಿ ಅಂಶವೂ ದುರ್ಬಲಗೊಂಡಿದೆ; ಕಬ್ಬಿಣದ ಏರಿಕೆ ಅದನ್ನೇ ಹೇಳುತ್ತಿರಬಹುದು. ಮುಂದಿನ ಕ್ಲೀನಿಂಗ್‌ಗೆ ಗಾಣ ನಿಂತಾಗ ಎಣ್ಣೆ ಇನ್ನೂ ಬಿಸಿಯಿರುವಂತೆಯೇ ಪೂರ್ತಿ ಬಸಿದು ಹೊಸದು ತುಂಬುವುದು ಸರಿ. ತಪಾಸಣೆ ಮುಚ್ಚಳ ತೆರೆದು ಟಾರ್ಚ್ ಬಿಟ್ಟರೆ ಹಲ್ಲಿನ ಮೈಯೂ ಕಾಣುತ್ತದೆ. ಹೊಳಪಿನ ನಡುವೆ ಬೂದುಬಣ್ಣದ ಮಂಕು ಪಟ್ಟೆ ಇದ್ದರೆ ಅದು ಮೈಕ್ರೊಪಿಟ್ಟಿಂಗ್, ಪದರ ಸಾಲದೆ ಬಂದ ಸೂಕ್ಷ್ಮ ಕುಳಿಗಳು. ಡ್ರೇನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಕಪ್ಪು ಪೇಸ್ಟಿಗೆ ಗಾಬರಿ ಬೇಡ. ಉಗುರಿಗೆ ತಾಗುವ ಮಿನುಗು ಚೂರುಗಳಿದ್ದರೆ ಬೇರಿಂಗ್ ಇಲ್ಲವೇ ಹಲ್ಲು ಸಿಪ್ಪೆಯೇಳುತ್ತಿದೆ. ಅದನ್ನು ಯಾವ ಎಣ್ಣೆಯೂ ಸರಿಪಡಿಸದು.

ಮಟ್ಟ ಇಳಿದದ್ದೇಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಹತ್ತು ಲೀಟರ್ ಆವಿಯಾಗಿ ಹೋಗಿರಲಾರದು. ಯಾವುದೋ ಆಯಿಲ್ ಸೀಲ್ ಸೋರಿದೆ. ಎಣ್ಣೆ ಹೊರಬರುವ ಸೀಲಿನಿಂದ ನೀರು ಒಳಹೋಗುವುದೂ ಸಾಧ್ಯ. ಹೋಸ್ ಪೈಪಿನಿಂದ ನೆಲ ತೊಳೆಯುವ, ಹಬೆ ತುಂಬಿದ ಗಾಣದ ಮನೆಯಲ್ಲಿ ನೀರು ಸದಾ ಹೊಂಚು ಹಾಕಿರುತ್ತದೆ. ನೀರು ಬೆರೆತ ಎಣ್ಣೆ ಸೈಟ್ ಗ್ಲಾಸಿನಲ್ಲಿ ಮಸುಕಾಗಿ ಬಿಳಿಚಿಕೊಳ್ಳುತ್ತದೆ. ಅಷ್ಟು ಕಾಣದಿದ್ದರೂ, ಚೆನ್ನಾಗಿ ಕಾದ ತಟ್ಟೆಯ ಮೇಲೆ ಒಂದು ಹನಿ ಬಿಟ್ಟಾಗ ಚಟಪಟ ಎಂದರೆ ನೀರಿದೆ. ಶೇಕಡ 0.1ರಷ್ಟು ನೀರಿಗೇ ಈ ಸದ್ದು ಬರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಯೇ ಈ ಪರೀಕ್ಷೆ ಮಾಡಬೇಕು, ಹನಿ ಸಿಡಿಯುತ್ತದೆ. ಪರೀಕ್ಷೆಗೆ ಎಣ್ಣೆ ತೆಗೆಯುವುದಕ್ಕೂ ಕ್ರಮವಿದೆ. ಯಂತ್ರ ಆಗಷ್ಟೇ ನಿಂತಾಗ, ಮಟ್ಟದ ನಡುವಿನಿಂದ, ಪ್ರತಿ ಸಲ ಅದೇ ಜಾಗದಿಂದ ತೆಗೆಯಬೇಕು. ತಳದ ಪ್ಲಗ್ ಬಿಚ್ಚಿ ಹಿಡಿದ ಸೀಸೆಯಲ್ಲಿ ವರ್ಷದ ಕೊಳೆಯೇ ಬಂದು ಕೂತು ವರದಿಯನ್ನು ದಾರಿ ತಪ್ಪಿಸುತ್ತದೆ.

ಸಕ್ಕರೆ ಕಾರ್ಖಾನೆಗೆ ಇನ್ನೊಂದು ವಿಚಿತ್ರವಿದೆ. ಐದು ತಿಂಗಳ ಹಂಗಾಮಿನಲ್ಲಿ ಯಂತ್ರ ಓಡುವುದು 3600 ಗಂಟೆ. ಉಳಿದ ಏಳು ತಿಂಗಳು ಅದು ಸುಮ್ಮನೆ ನಿಂತಿರುತ್ತದೆ. ಹೊಸ ಹಂಗಾಮಿನ ಪೂಜೆಗೆ ಮುಂಚೆ ಎಣ್ಣೆ ಬದಲಿಸುವುದು ವಾಡಿಕೆಯೇನೋ ಹೌದು. ಆದರೆ ನುರಿಸುವುದು ನಿಂತ ದಿನವೇ ಬದಲಿಸುವುದು ಹೆಚ್ಚು ಜಾಣತನ. ಇಲ್ಲದಿದ್ದರೆ ಆಮ್ಲ, ನೀರು ಸೇರಿದ ಹಳೆಯ ಎಣ್ಣೆ ಮಳೆಗಾಲವಿಡೀ ಬೇರಿಂಗಿನೊಳಗೆ ಕೂತು ತುಕ್ಕು ಹಿಡಿಸುತ್ತದೆ. ಎಣ್ಣೆ ಮಟ್ಟದಿಂದ ಮೇಲಿರುವ ಹಲ್ಲುಗಳಿಗೂ ತೇವ ತಗಲದಿರಲೆಂದು ಕೆಲವರು ಹೊಸ ಎಣ್ಣೆಯನ್ನು ಕತ್ತಿನವರೆಗೆ ತುಂಬಿಡುತ್ತಾರೆ. ಹಾಗೆ ಮಾಡಿದವರು ಮೋಟರ್ ಸ್ವಿಚ್ಚಿಗೆ ‘ಎಣ್ಣೆ ಇಳಿಸದೆ ಚಾಲೂ ಮಾಡಬೇಡಿ’ ಎಂಬ ಚೀಟಿಯನ್ನು ತಪ್ಪದೆ ಕಟ್ಟಬೇಕು. ಮಟ್ಟ ಮೀರಿದ ಎಣ್ಣೆಯೊಂದಿಗೆ ಗೇರ್‌ಬಾಕ್ಸ್ ಓಡಿದರೆ ಮೊದಲ ಪಾಳಿ ಮುಗಿಯುವ ಮೊದಲೇ ಎಣ್ಣೆ ಕಾದು, ನೊರೆಗಟ್ಟಿ, ಬ್ರೀದರಿನಿಂದ ಉಕ್ಕಿ ನೆಲಕ್ಕೆ ಹರಿಯುತ್ತದೆ.